ಇಬ್ಬರ ತಪ್ಪಿಗೆ ಒಂದೇ ಹಾಳಿ

ತುಬಚಿಯ ಅಪ್ಪಾಸಾಬನ ಮಗಳು ರಂಜನಾ ಅವನ ಅಕ್ಕ ಭಾಗವ್ವನ ಮಗ ಭೀಮಶಿಗೆ ಹೆಂಡತಿಯಾಗುವುದು ಅವಳು ತೊಟ್ಟಿಲಲ್ಲಿದ್ದಾಗಲೇ ಅರ್ಧ ತೀರ್ಮಾನವಾಗಿತ್ತು. ಉಳಿದರ್ಧವನ್ನು ಭೀಮಶಿ ಸರಕಾರದ ಕೈಗೆ ಕೊಟ್ಟುಬಿಟ್ಟಿದ್ದ. "ಮೈಮ್ಯಾಲೆ ಖಾಕಿ ಬಂದ ಮ್ಯಾಲೇ ಹಣಿಗೆ ಬಾಸಿಂಗ" ಎಂದು ಎರಡೂ ಮನೆಯ ಹಿರಿಯರ ಮುಂದೆ ಹೇಳಿ ಕೂತಿದ್ದ. ಹುಡುಗ ಮಾತು ಕಡಿಮೆ, ಹಟ ಜಾಸ್ತಿ. ಕಾನ್‌ಸ್ಟೇಬಲ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಸ್ವಲ್ಪದರಲ್ಲಿ ಹೊರಗುಳಿದಿದ್ದ. ಈ ಸಲದ್ದು ಮೂರನೆಯದು, ಕೊನೆಯದು ಕೂಡ. ಮುಂದಿನ ಅರ್ಜಿ ಕರೆಯುವ ಹೊತ್ತಿಗೆ ಅವನ ವಯಸ್ಸು ಮಿತಿ ದಾಟಿರುತ್ತಿತ್ತು.

ರಂಜನಾಗೆ ಖಾಕಿಯ ಹುಚ್ಚೇನೂ ಇರಲಿಲ್ಲ. ಖರೆ ಹೇಳಬೇಕೆಂದರೆ ಅವಳು ಓದಲು ಹೊರಟಿದ್ದೇ ಅವನ ಪಕ್ಕ ಬಸ್ಸಿನಲ್ಲಿ ಕೂರಲು. ತುಬಚಿಯಿಂದ ಜಮಖಂಡಿಗೆ ಹೋಗುವ ಬಸ್ಸು ಎಷ್ಟು ಕುಲುಕುತ್ತದೆಂದರೆ, ಇಬ್ಬರೂ ಸುಮ್ಮನೆ ಕೂತರೂ ಹೆಗಲಿಗೆ ಹೆಗಲು ತಾಗಿಯೇ ತಾಗುತ್ತದೆ. ಭಾಗವ್ವನಿಗೆ ಇದು ಗೊತ್ತಿತ್ತು, ಅಪ್ಪಾಸಾಬನಿಗೂ ಗೊತ್ತಿತ್ತು, ಕಂಡಕ್ಟರನಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಆದರೆ ನೆವಕ್ಕೆ ಹಿಡಿದ ಪುಸ್ತಕ ಬರಬರುತ್ತ ಅವಳ ಕೈಯನ್ನೇ ಹಿಡಿಯಿತು. ಆರು ತಿಂಗಳಲ್ಲಿ ಅವಳು ಓದುವ ಹುಡುಗಿಯಾಗಿಬಿಟ್ಟಳು.

ಜಮಖಂಡಿಯಲ್ಲಿ ಪರಸಪ್ಪ ಸರ್ ಅವರದು ಒಂದು ಕೋಚಿಂಗ್ ಕ್ಲಾಸು. ಕೆಳಗೆ ಟೇಲರ್ ಅಂಗಡಿ, ಮೇಲೆ ಇವರ ತಗಡಿನ ಮಾಡು. ಕೆಳಗಿನ ಹೊಲಿಗೆ ಯಂತ್ರದ ಸದ್ದಿಗೆ ತಾಳ ಹಾಕಿದಂತೆ ಸರ್ ಇತಿಹಾಸ ಹೇಳುತ್ತಿದ್ದರು. ಪ್ರತಿ ಭಾನುವಾರ ಅಲ್ಲಿ ಮಾಕ್ ಟೆಸ್ಟ್. ಸರಕಾರದ ಖಾಸಾ ಪರೀಕ್ಷೆಯಂತೆಯೇ ನೂರು ಪ್ರಶ್ನೆ, ಒಂದೂವರೆ ತಾಸು, ಒಂದು ತಪ್ಪಿಗೆ ಕಾಲು ಅಂಕ ಕಟ್. ಟೆಸ್ಟ್ ಮುಗಿದು ಉತ್ತರ ಓದಿ ಹೇಳಿದ ಮೇಲೆ ಹುಡುಗರು "ನಿಂದೆಷ್ಟು, ನಂದೆಷ್ಟು" ಎಂದು ಗದ್ದಲ ಎಬ್ಬಿಸಿದರೆ ಸರ್‌ಗೆ ರೇಗುತ್ತಿತ್ತು.

"ಮಾರ್ಕ್ಸ್ ಏನ್ ಮುದ್ದ ಮಾಡ್ತೀರಿ? ಎಲ್ಲಿ ಬಿದ್ರಿ ಅನ್ನೂದ ನೋಡ್ರಿ. ತಪ್ಪಿದ್ದಷ್ಟೂ ಒಂದು ಪುಸ್ತಕದಾಗ ಇಳಸ್ರಿ. ಯಾವ ವಿಷಯ, ನೀವ್ ಬರದದ್ದೇನು, ಖರೆ ಉತ್ತರ ಏನು, ಮತ್ತ ಯಾಕ ತಪ್ಪಿತು. ಆ ಕಡೀ ಕಾಲಂ ಭಾಳ ಮುಖ್ಯ. ಗೊತ್ತಽ ಇರಲಿಲ್ಲೇನು? ಗೊತ್ತಿದ್ದು ಮರತಿರೇನು? ಎರಡು ಒಂದಕ್ಕೊಂದು ಕಲಸಿದ್ವೇನು? ಪ್ರಶ್ನೆ ಅವಸರದಾಗ ಓದಿದ್ರೇನು? ಗೊತ್ತಿಲ್ಲದಽ ಅಂದಾಜಿನ ಮ್ಯಾಲೆ ಹೊಡದು ಸರಿ ಬಂದದ್ದನ್ನೂ ಬರೀರಿ, ಅದು ಇವತ್ತ ಕಾಯ್ತು, ನಾಳೆ ಕಾಯೂದಿಲ್ಲ."

ಪರೀಕ್ಷೆಗೆ ಮೂರು ವಾರ ಇರುವಾಗ ಆ ಪುಸ್ತಕವನ್ನು ಹಿಂಡಿ ಒಂದೇ ಹಾಳಿ ಮಾಡಬೇಕು ಎನ್ನುವುದು ಅವರ ಶಿಸ್ತು. ಪದೇಪದೇ ಬಿದ್ದ ಜಾಗವನ್ನು ಎಣಿಸಿ ಮೇಲಿಂದ ಕೆಳಗೆ ಇಳಿಸುವುದು. ಒಂದೇ ಸಲ ತಪ್ಪಿ ಮುಂದಿನ ಟೆಸ್ಟುಗಳಲ್ಲಿ ಸರಿ ಬಂದದ್ದನ್ನು ಹೊಡೆದು ಹಾಕುವುದು. ಪಾಠದ ಹೆಸರು ಬರೆಯುವುದಲ್ಲ, ಕಾಲು ಜಾರಿದ ಆ ಒಂದು ಕಲ್ಲನ್ನೇ ಬರೆಯುವುದು. ಕೊನೆಯ ದಿನಗಳಲ್ಲಿ ದಪ್ಪ ಪುಸ್ತಕ ಮುಟ್ಟದೆ ಆ ಹಾಳಿಯನ್ನಷ್ಟೇ ಉತ್ತರ ಮುಚ್ಚಿಕೊಂಡು ಮತ್ತೆ ಮತ್ತೆ ಹೇಳಿಕೊಳ್ಳುವುದು. "ಮಂದಿ ಹಾಳಿ ಓದಿದ್ರ ಮಂದಿ ಜಡ್ಡಿಗೆ ನೀವ್ ಗುಳಿಗಿ ನುಂಗಿದಂಗ" ಎಂದೂ ಸರ್ ಹೇಳಿದ್ದರು. ಈ ಮಾತು ಹೇಳುವಾಗ ಕೆಳಗೆ ಹೊಲಿಗೆ ಯಂತ್ರ ಜೋರಾಗಿತ್ತೋ ಏನೋ, ರಂಜನಾ ಕೇಳಿಸಿಕೊಂಡಳು, ಮನಸ್ಸಿಗೆ ತಗೊಳ್ಳಲಿಲ್ಲ.

ಅವರಿಬ್ಬರ ಪುಸ್ತಕ ಒಂದೇ ಆಗಿತ್ತು. ಅದರ ಕಾರಣ ಕೇಳಿದರೆ ನಗು ಬರುತ್ತದೆ, ಆಮೇಲೆ ಬರುವುದಿಲ್ಲ. ಬೀರೇಶ್ವರನ ಒಕ್ಕಲಾದ ಆ ಎರಡು ಮನೆಗಳಲ್ಲಿ ಮೊದಲಿನಿಂದಲೂ ಕುರಿ ಒಂದೇ ಹಿಂಡು, ಒಂದೇ ಹಟ್ಟಿ. ಭಾಗವ್ವನ ಕುರಿಯ ಬೆನ್ನಿಗೆ ಕೆಂಪು, ಅಪ್ಪಾಸಾಬನ ಕುರಿಯ ಬೆನ್ನಿಗೆ ನೀಲಿ ಬಣ್ಣ. ಮೇಯುವುದು ಕೂಡಿ, ಕಾಯುವುದು ಕೂಡಿ. ರಂಜನಾ ಎರಡು ಪುಸ್ತಕ ಕೊಳ್ಳಲು ಹೊರಟಾಗ ಭಾಗವ್ವ, "ಒಂದಽ ಮನಿ ಆಗವರಿಗೆ ಎರಡು ಪುಸ್ತಕ ಯಾಕ ಬೇಕವಾ? ನಿನ್ನ ಅಕ್ಷರ ಛಂದ ಅದಾವು, ಅವಂದೂ ನೀನಽ ಬರಿ" ಎಂದಳು. ಅತ್ತೆಯ ಮಾತು ಸೊಸೆಯಾಗಲಿರುವವಳಿಗೆ ಸಕ್ಕರೆಯಂತೆ ಇಳಿಯಿತು. ರಟ್ಟಿನ ಮೇಲೆ ಇಬ್ಬರ ಹೆಸರನ್ನೂ ಒಟ್ಟಿಗೆ ಬರೆದಳು. ಲಗ್ನಪತ್ರಿಕೆಗಿಂತ ಮೊದಲು ಇಬ್ಬರ ಹೆಸರು ಕೂಡಿ ಕಂಡದ್ದು ಅಲ್ಲಿ. ಕುರಿಗೆ ಬಣ್ಣ ಹಚ್ಚುವ ಮನೆಯ ಹುಡುಗಿ ತಪ್ಪಿಗೆ ಮಾತ್ರ ಬಣ್ಣ ಹಚ್ಚಲಿಲ್ಲ. ಯಾವ ಸಾಲು ಯಾರದೆಂದು ಎಲ್ಲಿಯೂ ಗುರುತು ಹಾಕಲಿಲ್ಲ.

ಟೆಸ್ಟ್ ಮುಗಿದೊಡನೆ ಭೀಮಶಿಗೆ ಊರು ಮುಟ್ಟುವ ಅವಸರ. ಕುರಿ ಬಿಡಬೇಕು, ಕಬ್ಬಿಗೆ ನೀರಿನ ಪಾಳಿ ಇರುತ್ತದೆ. ಬಸ್ಸಿನಲ್ಲಿ ಅವನು ಪ್ರಶ್ನೆಪತ್ರಿಕೆ ತೆಗೆದು ಹೇಳುತ್ತಿದ್ದ, ಇವಳು ಬರೆದುಕೊಳ್ಳುತ್ತಿದ್ದಳು.

"ಮೂವತ್ತೆರಡು, ವಿಜ್ಞಾನ. ಐವತ್ತು, ಸಂವಿಧಾನ. ಅರವತ್ತೊಂದು, ಇತಿಹಾಸ."

"ಯಾಕ ತಪ್ಪಿತು ಮಾಮಾ?"

"ತಪ್ಪಿತು, ಅಷ್ಟ. ಬರಕೋ."

ತಾನು ಯಾಕೆ ಬಿದ್ದೆ ಎಂದು ಹೇಳಲು ಗಂಡಸಿಗೆ ನಾಚಿಕೆ, ಒತ್ತಿ ಕೇಳಲು ಹೆಣ್ಣಿಗೆ ಸಂಕೋಚ. ಮೇಲಾಗಿ ಕಿಟಕಿಯ ಗಾಳಿ, ಹೆಗಲಿಗೆ ತಾಗಿದ ಹೆಗಲು. ಕೊನೆಯ ಕಾಲಂ ಅವನ ಪಾಲಿಗೆ ಖಾಲಿ ಉಳಿಯಿತು. ಒಮ್ಮೊಮ್ಮೆ ಪುಟ ಬೋಳಾಗಿ ಕಾಣುತ್ತದೆಂದು ಅವಳೇ "ಮರೆವು" ಎಂದು ತುಂಬಿದ್ದೂ ಉಂಟು.

ಮೂರು ವಾರ ಉಳಿದಾಗ ರಂಜನಾ ಹಾಳಿ ಮಾಡಲು ಕೂತಳು. ಒಂದು ಇಡೀ ದಿನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಸಾಲು ಸಾಲಿಗೆ ಗೀಟು ಎಳೆದು ಎಣಿಸಿದಳು. ಶೇಕಡಾವಾರು, ಲಾಭನಷ್ಟದ ಲೆಕ್ಕದ ಮುಂದೆ ಗೀಟುಗಳ ಸಾಲೇ ನಿಂತಿತು. ಆಮೇಲೆ ಜಲಾಶಯ ಮತ್ತು ನದಿ, ಸಂವಿಧಾನದ ವಿಧಿಗಳು, ಜೀವಸತ್ವದ ಕೊರತೆಯ ರೋಗಗಳು. ಒಂದೊಂದೇ ಗೀಟು ಬಿದ್ದ ಎಷ್ಟೋ ವಿಷಯ ಅಲ್ಲಲ್ಲಿ ಚೆದುರಿದ್ದವು. ಸರ್ ಹೇಳಿದ ನಿಯಮದಂತೆ ಅವನ್ನೆಲ್ಲ ಹೊಡೆದು ಹಾಕಿದಳು. ಉಳಿದದ್ದನ್ನು ಒಂದು ಹಾಳಿಯ ಎರಡೂ ಬದಿಗೆ ಇಳಿಸಿದಳು. ಇಪ್ಪತ್ತು ಪರ್ಸೆಂಟ್ ಏರಿಸಿ ಮತ್ತೆ ಇಪ್ಪತ್ತು ಇಳಿಸಿದರೆ ಬರುವುದು ಸೊನ್ನೆಯಲ್ಲ, ನಾಲ್ಕು ಪರ್ಸೆಂಟ್ ನಷ್ಟ. ಹಿಡಕಲ್ ಘಟಪ್ರಭೆಗೆ, ನವಿಲುತೀರ್ಥ ಮಲಪ್ರಭೆಗೆ. ಹದಿನೇಳನೆಯ ವಿಧಿ ಅಸ್ಪೃಶ್ಯತೆಗೆ, ಇಪ್ಪತ್ತೊಂದು ಜೀವಕ್ಕೆ. ಹೀಗೆ ಚೊಕ್ಕವಾಗಿ, ನೋಡಿದರೆ ಕಣ್ಣಿಗೆ ಹಬ್ಬ ಎನ್ನುವ ಹಾಗೆ. ಅದರ ನಕಲು ಮಾಡಿ ಭೀಮಶಿಗೆ ಕೊಟ್ಟಳು.

ಅವನು ಓದಿ, "ಇವು ನನಗ ಬರ್ತಾವಲ್ಲ ರಂಜಿ" ಎಂದ.

"ಬರೋದಿದ್ರ ಪುಸ್ತಕದಾಗ ಯಾಕ ಬರ್ತಿದ್ವು? ಎಣಿಸೇನಿ ಮಾಮಾ, ಸುಮ್ಮ ಓದು."

ಅವನು ಸುಮ್ಮನೆ ಓದಿದ. ಮೂರು ವಾರ ಹಟ್ಟಿಯ ಕಟ್ಟೆಯ ಮೇಲೆ ಕೂತು ತನಗೆ ಬರುವ ಲೆಕ್ಕವನ್ನೇ ಮಾಡಿದ, ಅವಳಿಗೆ ಬರದಿದ್ದಾಗ ಹೇಳಿಕೊಟ್ಟ. ಹೇಳಿಕೊಡುವುದರಲ್ಲಿ ಅವನದು ಬಲು ತಾಳ್ಮೆ. ರಂಜನಾಳ ಬದುಕಿನಲ್ಲಿ ಅಂಥ ಸುಖದ ಮೂರು ವಾರ ಹಿಂದೆ ಬಂದಿರಲಿಲ್ಲ.

ಪರೀಕ್ಷೆ ಆಯಿತು. ರಂಜನಾಳ ಹಾಳಿಯ ಮೇಲಿನ ಅರ್ಧ ಪ್ರಶ್ನೆಪತ್ರಿಕೆಯಲ್ಲಿ ಎದ್ದು ಬಂದಂತಿತ್ತು, ಅವಳು ಪಾಸಾದಳು. ಓಟದಲ್ಲೂ ಪಾಸಾದಳು, ಆಯ್ಕೆ ಪಟ್ಟಿಯಲ್ಲೂ ಹೆಸರು ಬಂತು. ಭೀಮಶಿ ಎರಡು ಅಂಕಕ್ಕೂ ಕಡಿಮೆ ಅಂತರದಲ್ಲಿ ಹೊರಗುಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರು ಎರಡು ದಿನ ಮರುಗಿತು, ಮೂರನೆಯ ದಿನ ತನ್ನ ಕೆಲಸ ನೋಡಿಕೊಂಡಿತು. ಅವನು ಉತ್ತರಪತ್ರಿಕೆಯ ಕಾರ್ಬನ್ ಪ್ರತಿಯನ್ನು ತೆಗೆದು ಯಾರಿಗೂ ತೋರಿಸಲಿಲ್ಲ. ಒಂದು ವಾರ ಹಿಂಡಿನ ಜೊತೆ ಗಲಗಲಿಯ ಕಡೆ ಹೊಳೆ ದಂಡೆಗೆ ಹೋಗಿ ಅಲ್ಲಿಯೇ ಉಳಿದ.

ರಂಜನಾ ಆ ವಾರ ಅನ್ನ ಬಿಟ್ಟಳು. ತನ್ನ ನೌಕರಿ ಅವಳಿಗೆ ಯಾರದೋ ಮನೆಯ ಸಾಮಾನು ತಂದಿಟ್ಟುಕೊಂಡಂತೆ ಭಾರವಾಯಿತು. ಬಾಸಿಂಗದ ಮಾತು ಇನ್ನೆಲ್ಲಿ?

ಆದರೆ ಹೊಳೆ ದಂಡೆಯಿಂದ ಬಂದ ಭೀಮಶಿ ಬೇರೆಯದೇ ಮನುಷ್ಯನಾಗಿದ್ದ. ಮುಖ ಇಳಿದಿತ್ತು, ಆದರೆ ಬಿಗಿ ಬಿಟ್ಟಿತ್ತು. ತಾಯಿಯ ಮುಂದೆ, ಮಾವನ ಮುಂದೆ, ರಂಜನಾಳ ಮುಂದೆಯೂ ಅವನೇ ಹೇಳಿದ, "ನನ್ನ ತಲಿ ಅಷ್ಟಽ ಐತಿ. ಮೂರು ಸಲ ನೋಡೇನಿ. ಇಲ್ಲದ್ದನ್ನ ಎಲ್ಲಿಂದ ತರ್ಲಿ? ಕುರಿ ಅದಾವು, ಹೊಲ ಐತಿ, ಸಾಕು."

ಭಾಗವ್ವ ಆ ಬಿಗಿ ಬಿಟ್ಟ ಹೊತ್ತನ್ನು ಬಿಡಲಿಲ್ಲ. "ಮನಿಗೆ ಒಂದು ಖಾಕಿ ಬಂತಲ್ಲೋ, ಯಾರ ಮೈಮ್ಯಾಲೆ ಬಂದ್ರೇನು?" ಎಂದಳು. ಅವನು ನಕ್ಕ. ರಂಜನಾ ತರಬೇತಿಗೆ ಹೋಗುವ ಮೊದಲು ನಿಶ್ಚಯ, ಮುಗಿಸಿ ಬಂದ ಮೇಲೆ ಲಗ್ನ ಎಂದು ಒಪ್ಪಿದ. ಬರುವ ಸೋಮವಾರ ನಿಶ್ಚಯ ಗೊತ್ತಾಯಿತು. "ನೀ ಸ್ಟೇಶನ್‌ಗೆ ಹೋದ್ರ ನಾ ಬುತ್ತಿ ಕಟ್ಟಿ ಕೊಡ್ತೀನಿ ಬಿಡು" ಎಂದು ಅವಳನ್ನು ಕಾಡಿಸಿದ ಕೂಡ. ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ದೇವರು ಒಂದು ಕೈಯಲ್ಲಿ ಕಸಿದು ಇನ್ನೊಂದು ಕೈಯಲ್ಲಿ ತಿರುಗಿ ಕೊಟ್ಟ ಎಂದುಕೊಂಡಳು.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಉಂಡು ಹೋಗಬಹುದಿತ್ತು.

ಪರಸಪ್ಪ ಸರ್ ಫೋನ್ ಮಾಡಿದರು. ಹೊಸ ತಂಡ ಬಂದಿದೆ, ತಪ್ಪಿನ ಪುಸ್ತಕದಿಂದ ಹಾಳಿ ಮಾಡುವುದು ಹೇಗೆಂದು ಬಂದು ಹೇಳು, ಪಾಸಾದವರ ಬಾಯಿಂದ ಕೇಳಿದರೆ ಹುಡುಗರಿಗೆ ನಾಟುತ್ತದೆ ಎಂದರು. ರಂಜನಾ ಪುಸ್ತಕ, ಹಾಳಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು. ಕರಿ ಹಲಗೆಯ ಮುಂದೆ ನಿಂತು ಗೀಟು ಎಳೆದು ಎಣಿಸಿದ್ದು, ಒಂದೊಂದೇ ಬಿದ್ದದ್ದನ್ನು ಹೊಡೆದು ಹಾಕಿದ್ದು ಎಲ್ಲ ಹುರುಪಿನಿಂದ ಹೇಳಿದಳು. ಪುಸ್ತಕ ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಮುಂದಿನ ಸಾಲಿನಲ್ಲಿ ಮುಧೋಳ ಕಡೆಯಿಂದ ಬಂದ ಪೂರ್ಣಿಮಾ ಎಂಬ ಹುಡುಗಿ ಪುಟ ತಿರುವುತ್ತಿದ್ದವಳು ಕೈಯೆತ್ತಿದಳು.

"ಅಕ್ಕಾರ, ಈ ಸಾಲಿನ್ಯಾಗ ಯಾಕ ತಪ್ಪಿತು ಅನ್ನೂದು ಖಾಲಿ ಐತಿ. ಇಲ್ಲೂ ಖಾಲಿ, ಇಲ್ಲೂ ಖಾಲಿ."

"ಅವು ನನ್ನವಲ್ಲ. ನನ್ನ ಜೋಡಿ ಒಬ್ಬರು ಓದತಿದ್ರು."

"ಅಂದ್ರ ಇಬ್ಬರದೂ ಕೂಡ್ಸಿ ಎಣಿಸೀರಿ? ಮತ್ತ ಹಾಳಿ ಯಾರದಾತ್ರಿ?"

ಹುಡುಗಿಗೆ ಯಾವ ಕುಹಕವೂ ಇರಲಿಲ್ಲ. ಅರ್ಥವಾಗಲಿಲ್ಲ, ಕೇಳಿದಳು. ರಂಜನಾ ಕೈಯಲ್ಲಿದ್ದ ಹಾಳಿಯನ್ನು ತಿರುಗಿಸಿ ನೋಡಿದಳು. ಕೆಳಗಿನ ಹೊಲಿಗೆ ಯಂತ್ರ ನಡೆದೇ ಇತ್ತು. ಪರಸಪ್ಪ ಸರ್ ಪುಸ್ತಕ ತರಿಸಿಕೊಂಡು ನಾಲ್ಕು ಪುಟ ತಿರುವಿ ಮುಚ್ಚಿದರು. "ಇವತ್ತಿಗೆ ಸಾಕು" ಎಂದು ಹುಡುಗರನ್ನು ಬಿಟ್ಟರು.

ಅವಳು ಊರಿಗೆ ಬಂದವಳೇ ಭಾಗವ್ವನ ಮನೆಗೆ ಹೋದಳು. ಭೀಮಶಿಯ ಹಳೆಯ ಟೆಸ್ಟ್ ಪತ್ರಿಕೆಗಳು ರದ್ದಿಗೆಂದು ಕಟ್ಟಿಟ್ಟಿದ್ದವು. ಅದರ ನಡುವೆ ಖಾಸಾ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಕಾರ್ಬನ್ ಪ್ರತಿಯೂ ಇದ್ದವು. "ಓದಾಕ ಬೇಕಾಗಿದ್ವು ಅತ್ತಿ" ಎಂದು ಸುಳ್ಳು ಹೇಳಿ ಗಂಟು ಎತ್ತಿಕೊಂಡು ಬಂದಳು. ತನ್ನದೆಲ್ಲ ಬದಿಗಿಟ್ಟು ಅವನದಷ್ಟನ್ನೇ ಹೊಸದಾಗಿ ಬರೆಯತೊಡಗಿದಳು. ಈ ಸಲ ಒಂದೊಂದು ಪ್ರಶ್ನೆಯನ್ನೂ ಪೂರ್ತಿ ಓದಿ, ಅವನು ಯಾವುದಕ್ಕೆ ಗುರುತು ಹಾಕಿದ್ದಾನೆ ನೋಡಿ, ಯಾಕೆ ತಪ್ಪಿದ ಎಂದು ತಾನೇ ಯೋಚಿಸಿ.

ಎರಡನೆಯ ಪತ್ರಿಕೆ ಮುಗಿಯುವಷ್ಟರಲ್ಲಿ ಅವಳಿಗೆ ಎಲ್ಲ ಕಂಡುಹೋಯಿತು. ಅವನು ಬಿದ್ದದ್ದು ವಿಜ್ಞಾನದಲ್ಲಿ ಅಲ್ಲ, ಇತಿಹಾಸದಲ್ಲಿ ಅಲ್ಲ, ಸಂವಿಧಾನದಲ್ಲಿಯೂ ಅಲ್ಲ. ಎಲ್ಲೆಲ್ಲಿ "ಸರಿಯಲ್ಲದ ಹೇಳಿಕೆ ಯಾವುದು", "ಹೊಂದಾಣಿಕೆಯಾಗದ ಜೋಡಿ ಯಾವುದು", "ಇದನ್ನು ಹೊರತುಪಡಿಸಿ" ಎಂದಿತ್ತೋ ಅಲ್ಲೆಲ್ಲ ಬಿದ್ದಿದ್ದ. ಮೊದಲು ಕಣ್ಣಿಗೆ ಬಿದ್ದ ಸರಿ ಮಾತಿಗೆ ಗುರುತು ಹಾಕಿ ಮುಂದೆ ಹೋಗಿದ್ದ. ಒಂದು ವಿಜ್ಞಾನದ್ದು, ಒಂದು ಇತಿಹಾಸದ್ದು, ಒಂದು ಭೂಗೋಳದ್ದು, ಹೀಗೆ ವಿಷಯಕ್ಕೊಂದರಂತೆ ಚೆದುರಿದ್ದರಿಂದ ಅವಳ ಎಣಿಕೆಯಲ್ಲಿ ಎಲ್ಲವೂ ಒಂಟಿ ಗೀಟು. ಅವಳು ಹೊಡೆದು ಹಾಕಿದ್ದೆಲ್ಲ ಅವನ ಸಾಲುಗಳನ್ನೇ. ಆ ಖಾಲಿ ಕಾಲಂ ತುಂಬಿದ್ದರೆ ಎಲ್ಲ ಗೀಟೂ ಒಂದೇ ಕಡೆ ಬಂದು ನಿಲ್ಲುತ್ತಿದ್ದವು.

ಖಾಸಾ ಪರೀಕ್ಷೆಯಲ್ಲೂ ಅದೇ. ಹೊಂದಾಣಿಕೆಯಾಗದ ನದಿ ಮತ್ತು ಅಣೆಕಟ್ಟಿನ ಜೋಡಿ ಕೇಳಿದ್ದರು. ಮೊದಲನೆಯ ಆಯ್ಕೆ ಕೃಷ್ಣಾ, ಆಲಮಟ್ಟಿ. ಕೃಷ್ಣೆಯ ನೀರು ಕುಡಿದು ಬೆಳೆದ ಹುಡುಗ ಅದನ್ನು ಕಂಡ ಖುಷಿಗೆ ಗುರುತು ಹಾಕಿಬಿಟ್ಟಿದ್ದ. ಕೆಳಗೆ ತುಂಗಭದ್ರೆಗೆ ಲಿಂಗನಮಕ್ಕಿ ಜೋಡಿಸಿದ್ದನ್ನು ಓದಲೇ ಇಲ್ಲ. ಅಂಥವು ಇನ್ನೂ ಇದ್ದವು. ಅವುಗಳಲ್ಲಿ ಎರಡು ಸರಿಯಾಗಿದ್ದರೂ ಸಾಕಿತ್ತು.

ಅವನ ಹಾಳಿ ಅರ್ಧಕ್ಕೇ ಮುಗಿಯಿತು. ಪ್ರಶ್ನೆಯಲ್ಲಿ "ಅಲ್ಲ", "ತಪ್ಪಾದ", "ಹೊರತುಪಡಿಸಿ" ಕಂಡರೆ ಮೊದಲು ಅದಕ್ಕೆ ಸುತ್ತು ಹಾಕು, ನಾಲ್ಕೂ ಆಯ್ಕೆ ಓದದೆ ಉತ್ತರದ ಗುಂಡಿ ತುಂಬಬೇಡ. ಉದ್ದನೆಯ ಲೆಕ್ಕ ಕೊನೆಗೆ ಇಟ್ಟುಕೋ, ನಡುವೆ ಅದಕ್ಕೆ ಹೊತ್ತು ಕಳೆದು ಮುಂದಿನದನ್ನು ಓಡಿಸಬೇಡ. ಗೊತ್ತೇ ಇಲ್ಲದ್ದು ಎಂದರೆ ರಕ್ತದ ಗುಂಪು, ಅದೊಂದು. ಇಷ್ಟೇ. ಒಂದು ವಾರದ ಅಭ್ಯಾಸ. ರಂಜನಾ ಹಾಳಿಯ ಮೇಲೆ ತಲೆಯಿಟ್ಟು ಅತ್ತಳು. ಅಡುಗೆಮನೆಯಿಂದ ಅವ್ವ ಏನಾತೆಂದು ಕೂಗಿದರೆ ತಲೆನೋವು ಎಂದಳು.

ಮರುದಿನ ಜಮಖಂಡಿಗೆ ಹೋಗಿ ಸರ್ ಮುಂದೆ ಹಾಳಿ ಇಟ್ಟಳು. ಅವರು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು.

"ಇದಽ ಖರೆ ಹಾಳಿ," ಎಂದರು. "ಛಲೋ ಮಾಡೀ. ಆದ್ರ ಊರು ಕೊಳ್ಳೆ ಹೊಡದ ಮ್ಯಾಲೆ ಕ್ವಾಟಿ ಬಾಗಲಾ ಹಾಕಿದಂಗಾತು."

"ಮಾಮಾಗ ತೋರಸ್ತೀನ್ರಿ ಸರ್."

"ಯಾಕ?"

"ಅವಗ ತಲಿ ಇಲ್ಲ ಅಂದ್ಕೊಂಡಾನ್ರಿ. ಹಂಗಲ್ಲ ಅಂತ ಗೊತ್ತಾಗಲಿ. ತಪ್ಪು ನಂದು ಅಂತ ಗೊತ್ತಾಗಲಿ."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ತಪ್ಪು ನಂದೂ ಐತಿ ತಂಗಿ. ಇಬ್ಬರೂ ಒಂದಽ ಪುಸ್ತಕ ಹಿಡಕೊಂಡ ಬರೋದ ನೋಡ್ತಿದ್ನಿ, ಲಗ್ನ ಆಗವರು ಅಂತ ನಕ್ಕ ಬಿಟ್ನಿ. ಆದ್ರ ಒಂದ ಮಾತ ಕೇಳು. ಹಾಳಿ ಪರೀಕ್ಷಾದ ಮುಂಚೆ ಔಷಧ. ಇನ್ನೊಂದು ಪರೀಕ್ಷಾನಽ ಇಲ್ಲದವಗ ಅದು ಏನು? ಆಂವ ಸುಮ್ಮ ಆಗ್ಯಾನ. ಸುಮ್ಮ ಇರ್ಲಿ ಬಿಡು."

ಅವರು ಹೇಳಿದ್ದು ಬುದ್ಧಿಯ ಮಾತು. ಬುದ್ಧಿ ಹೇಳುವವರಿಗೆ ಮನೆಗೆ ಹೋಗಿ ನಿದ್ದೆ ಬರುತ್ತದೆ. ಇವಳು ಸೋಮವಾರ ಅವನ ಎದುರು ಕೂತು ಉಡಿ ತುಂಬಿಸಿಕೊಳ್ಳಬೇಕು, ಮುಂದೆ ಜೀವಮಾನವಿಡೀ ಅವನು "ನನ್ನ ತಲಿ ಅಷ್ಟಽ" ಎಂದಾಗೆಲ್ಲ ಬಾಯಿ ಮುಚ್ಚಿಕೊಂಡು ಇರಬೇಕು. ಅದು ಅವಳಿಂದ ಆಗುವಂತಿರಲಿಲ್ಲ. ಹೇಳಿದರೆ ಅವನು ಬೈದಾನು, ಒಂದು ವಾರ ಮಾತು ಬಿಟ್ಟಾನು, ಆಮೇಲೆ ತಾನು ದಡ್ಡನಲ್ಲ ಎಂದು ಒಳಗೊಳಗೇ ಹಿಗ್ಗಿಯಾನು ಎಂದು ಲೆಕ್ಕ ಹಾಕಿದಳು. ಅವಳ ಲೆಕ್ಕ ಮೊದಲಿನಿಂದಲೂ ಕಚ್ಚಾ.

ಶನಿವಾರ ಬೆಳಿಗ್ಗೆ ಹೊಳೆಯ ಕಡೆಯ ಹೊಲಕ್ಕೆ ಹೋದಳು. ಗೊಬ್ಬರಕ್ಕೆಂದು ಅಲ್ಲಿ ಕುರಿ ನಿಲ್ಲಿಸಿದ್ದರು. ಭೀಮಶಿ ಕಾಲು ಕುಂಟುತ್ತಿದ್ದ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಗೊರಸಿನಲ್ಲಿ ಮುಳ್ಳು ಹುಡುಕುತ್ತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಆ ಅರಳಿದ ಮುಖವನ್ನು ಅವಳು ಮತ್ತೆಂದೂ ಮರೆಯಲಾರಳು.

"ಏನಬೇ, ಸಾಹೇಬರು ಬಂದ್ರಲ್ಲ! ಸೋಮವಾರದ ತನಕ ತಡಕೊಳ್ಳಾಕ ಆಗಲಿಲ್ಲೇನು?"

ಅವಳು ಹಾಳಿ ಕೊಟ್ಟಳು. ಕೊಟ್ಟು, ನಿಂತುಕೊಂಡೇ ಎಲ್ಲ ಹೇಳಿದಳು. ಒಂದು ಪುಸ್ತಕ, ಗುರುತಿಲ್ಲದ ಸಾಲು, ಖಾಲಿ ಬಿಟ್ಟ ಕಾಲಂ, ಹೊಡೆದು ಹಾಕಿದ ಒಂಟಿ ಗೀಟುಗಳು. ಮೂರು ವಾರ ಅವನು ಓದಿದ್ದು ತನ್ನ ತಪ್ಪುಗಳನ್ನು, ಅವನವನ್ನಲ್ಲ ಎಂದೂ ಹೇಳಿದಳು. ಅವನು ಮರಿಯನ್ನು ಕೆಳಗೆ ಬಿಟ್ಟ. ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಾಳಿ ಹಿಡಿದ. ಅರ್ಧ ಹಾಳಿ ಓದಲು ಎಷ್ಟು ಹೊತ್ತು ಬೇಕು? ಅವನು ಓದುತ್ತಲೇ ಇದ್ದ.

"ಇಷ್ಟಽ ಏನು?" ಎಂದ ಕೊನೆಗೆ.

"ಹೂಂ."

"ಅಂದ್ರ ನನಗ ಗೊತ್ತಿತ್ತು."

"ಎಲ್ಲಾ ಗೊತ್ತಿತ್ತು ಮಾಮಾ. ನೀ ದಡ್ಡ ಅಲ್ಲ. ಅದನ್ನ ಹೇಳಾಕಽ ಬಂದೀನಿ."

ಅವನು ಕುರಿಗಳ ಕಡೆ ನೋಡಿದ. ಬೈಯಲಿ ಎಂದು ಅವಳು ಕಾದಳು, ದೇವರಿಗೆ ಹರಕೆ ಹೊತ್ತವಳಂತೆ ಕಾದಳು.

"ಇದನ್ನ ಯಾಕ ತಂದಿ ರಂಜಿ?"

"ನಿನಗ ಗೊತ್ತಾಗಲಿ ಅಂತ..."

"ದಡ್ಡ ಅಂತ ತಿಳಕೊಂಡು ಹಗರ ಆಗಿದ್ನಿ. ದಡ್ಡಗ ಒಂದು ಆರಾಮ ಇರ್ತೈತಿ. ಹಣೇಬರಾ ಅಂತಾನ, ಉಂಡು ಮಲಗ್ತಾನ. ನೀ ಖಾಕಿ ಹಾಕ್ಕೊಂಡು ಹೊಂಟ್ರ ಖರೇನಽ ಬುತ್ತಿ ಕಟ್ಟಿ ಕೊಡ್ತಿದ್ನಿ, ಖುಷೀಲೆ ಕೊಡ್ತಿದ್ನಿ. ಈಗ ಹೆಂಗ ಕೊಡ್ಲಿ? ಆ ಅಂಗಿ ನೋಡಿದಾಗೆಲ್ಲಾ ಈ ನಾಕ ಸಾಲ ಕಣ್ಣಮುಂದ ಬರ್ತಾವು."

"ಬೈ ಮಾಮಾ. ಹೊಡಿ ಬೇಕಾದ್ರ."

"ಏನಂತ ಬೈಲಿ? ಯಾಕ ತಪ್ಪಿತು ಅಂತ ನೀ ಕೇಳಿದ್ದಿ. ನಾನಽ ಹೇಳಲಿಲ್ಲ." ಅವನ ದನಿ ಏರಲಿಲ್ಲ, ಅದಕ್ಕೇ ಅವಳ ಎದೆ ಒಡೆಯಿತು. "ಸಿಟ್ಟ ಬಂದಿದ್ರ ಛಲೋ ಇತ್ತು. ಸಿಟ್ಟ ಇಳೀತೈತಿ."

"ಸೋಮವಾರದ್ದು..."

ಅವನು ಹಾಳಿಯನ್ನು ಮಡಚಿ ಅವಳ ಕೈಯಲ್ಲಿಟ್ಟ. ಬೆರಳು ತಾಗದಂತೆ ಇಟ್ಟ.

"ಸೋಮವಾರದ್ದು ಆಗೂದಿಲ್ಲ ಅಂತ ಅವ್ವಗ ನಾನಽ ಹೇಳ್ತೀನಿ, ಇವತ್ತಲ್ಲ, ನಾಳೆ. ನೀ ಟ್ರೇನಿಂಗ್ ಬಿಡಬ್ಯಾಡ. ಬಿಟ್ರ ಇಬ್ಬರದೂ ಹೋತು ಅಂದಂಗಾಗ್ತೈತಿ." ಆಮೇಲೆ ಎಂದಿನ ದನಿಯಲ್ಲಿ, "ಬಿಸಲ ಏರಾಕತ್ತೈತಿ, ನಡಿ" ಎಂದು ಕುಂಟುವ ಮರಿಯ ಹಿಂದೆ ಹೋದ.

ರಂಜನಾ ಬದುವಿನ ಮೇಲೆ ನಡೆದಳು. ಹಿಂದಿನಿಂದ ಕರೆದಾನೇನೋ ಎಂದು ಕಿವಿ ಅಲ್ಲಿಯೇ ಇತ್ತು. ಅವನು ಕುರಿಗಳನ್ನು ಕರೆಯುವ ದನಿ ಮಾತ್ರ ಕೇಳಿಸಿತು. ಅತ್ತೆಯ ಮನೆಯನ್ನು ದಾಟದೆ ಅವಳ ಮನೆಗೆ ದಾರಿಯಿರಲಿಲ್ಲ. ತಲೆ ತಗ್ಗಿಸಿ ದಾಟಬೇಕೆಂದಿದ್ದಳು, ಭಾಗವ್ವ ಪಡಸಾಲೆಯಿಂದಲೇ ಕಂಡು ಕೂಗಿದಳು.

"ಬಾ ಯವ್ವಾ, ನಿನ್ನಽ ಹಾದಿ ನೋಡಾಕತ್ತಿದ್ನಿ. ಬನಹಟ್ಟಿಗೆ ಹೋಗಿ ತಂದೀನಿ ನೋಡು. ನೇಕಾರ ಮನಿಯಾಗಽ ಕುಂತು ಆರಿಸೇನಿ. ಸೋಮವಾರ ಇದನ್ನಽ ಉಡಬೇಕು."

ಹಸಿರು ಸೀರೆ, ಕೆಂಪು ಅಂಚು. ಭಾಗವ್ವ ಅದನ್ನು ಬಿಡಿಸಿ ಅವಳ ಹೆಗಲ ಮೇಲೆ ಹೊದಿಸಿ, ಎರಡು ಹೆಜ್ಜೆ ಹಿಂದೆ ಸರಿದು ಕಣ್ತುಂಬ ನೋಡಿದಳು.

"ಹೆಂಗೈತಿ, ಹೇಳು?"

"ಛಲೋ ಐತಿ ಅತ್ತಿ" ಎಂದಳು ರಂಜನಾ.